ಪದಚರ್ಚೆ: ‘ರೀಸ್ಟ್ರೀಮ್’ ಮಾಡುವ ಸರ್ವರ್‌ಗೆ ಕನ್ನಡದಲ್ಲಿ ಏನೆನ್ನಬಹುದು?

ತೀರ್ಥಹಳ್ಳಿಯಿಂದ:
ಮಾನ್ಯರೇ, ನಮ್ಮ ಸಂಘದ ಯಕ್ಷಗಾನವನ್ನು ಶನಿವಾರ ರಾತ್ರಿ ಸಂಘದ ಯೂಟ್ಯೂಬ್ ವಾಹಿನಿ, ಮೇಳದವರ ಯೂಟ್ಯೂಬ್ ವಾಹಿನಿ ಮತ್ತು ಫೇಸ್‌ಬುಕ್ ಪುಟ ಈ ಮೂರರಲ್ಲೂ ಏಕಕಾಲಕ್ಕೆ ತೋರಿಸಲಿದ್ದೇವೆ. ರಂಗಸ್ಥಳದ ಬಳಿಯ ಲ್ಯಾಪ್‌ಟಾಪ್‌ನಿಂದ ಒಂದೇ ಫೀಡ್ ಹೊರಡುತ್ತದೆ. ಬಾಡಿಗೆ ಸರ್ವರ್‌ನಲ್ಲಿರುವ nginx ತಂತ್ರಾಂಶ ಅದನ್ನು ಮೂರೂ ಕಡೆಗೆ ಕಳಿಸುತ್ತದೆ. ಮೇಜಿನ ಮೇಲೆ ಅಂಟಿಸುವ ಸೂಚನಾಪತ್ರಕ್ಕೆ ಶೀರ್ಷಿಕೆ ಬೇಕಾಗಿದೆ. ‘ಮರುಪ್ರಸಾರ’ ಎಂದರೆ ನಮ್ಮ ಹುಡುಗರು ಮುಗಿದ ಆಟವನ್ನು ಮತ್ತೆ ಹಾಕುವುದೆಂದೇ ತಿಳಿಯುತ್ತಾರೆ. ಪತ್ರ ನಾಳೆ ಬೆಳಿಗ್ಗೆ ಮುದ್ರಣಕ್ಕೆ ಹೋಗಬೇಕು.

ಸಾಗರದಿಂದ:
ಹುಡುಗರು ತಪ್ಪಾಗಿ ತಿಳಿಯುತ್ತಾರೆಂದು ಪದವನ್ನು ಬಿಡುವುದು ಸರಿಯಲ್ಲ. ಹಳಗನ್ನಡದ ‘ಮಱು’ ಎಂಬುದಕ್ಕೆ ‘ಮತ್ತೆ’ ಎಂಬಂತೆ ‘ಇನ್ನೊಂದು’ ಎಂಬ ಅರ್ಥವೂ ಇದೆ. ಕೂಗಿದೊಡನೆ ಗುಡ್ಡದಿಂದ ಬರುವುದು ಮರುದನಿಯೇ ಹೊರತು ಮರುದಿನ ಬರುವ ದನಿಯಲ್ಲ. ಇಲ್ಲಿ ಆಕ್ಷೇಪಿಸಬೇಕಾದದ್ದು ‘ಮರು’ವನ್ನಲ್ಲ, ಸಂಸ್ಕೃತದ ‘ಪ್ರಸಾರ’ವನ್ನು. ‘ಮರುಹರಿವು’ ಎನ್ನಿ.

ಹೊಸನಗರದಿಂದ:
‘ಕವಲುಹರಿವು’ ಇನ್ನೂ ಚೆನ್ನ. ಒಂದು ಕಾಲುವೆ ಮೂರು ಕವಲಾದಂತೆಯೇ ಇದು. ಕವಲು ಹೆಚ್ಚಿದಷ್ಟೂ ನೀರು ಕಡಿಮೆಯಾಗುವುದರಿಂದಲೇ ಮೂರು ಕಡೆ ಬಿಟ್ಟಾಗ ಚಿತ್ರ ಮಂಕಾಗುತ್ತದೆ.

ಶಿವಮೊಗ್ಗದಿಂದ:
ಹೊಸನಗರದವರ ಪದ ಇಂಪಾಗಿದೆ, ಆದರೆ ವಿವರಣೆ ಸಂಪೂರ್ಣ ತಪ್ಪು. ರಿಲೇ ಸರ್ವರ್ ಫೀಡನ್ನು ಹಂಚುವುದಿಲ್ಲ, ಅದರ ಪೂರ್ಣ ಪ್ರತಿಯನ್ನು ಪ್ರತಿಯೊಂದು ತಾಣಕ್ಕೂ ಕಳಿಸುತ್ತದೆ. ತೀರ್ಥಹಳ್ಳಿಯಿಂದ ಸೆಕೆಂಡಿಗೆ 4 ಮೆಗಾಬಿಟ್ ಹೊರಟರೆ ಸರ್ವರ್‌ನಿಂದ 12 ಮೆಗಾಬಿಟ್ ಹೊರಗೆ ಹೋಗುತ್ತದೆ. ಲಿಂಗನಮಕ್ಕಿಯ ಒಳಹರಿವು, ಹೊರಹರಿವುಗಳನ್ನು ಪತ್ರಿಕೆಯಲ್ಲಿ ಓದುವ ನಮಗೆ ಆ ಪದಗಳು ಸಲೀಸಾಗಿ ಬರುತ್ತವೆ. ಆದರೆ ಹೊರಹರಿವು ಒಳಹರಿವಿನ ಮೂರು ಪಟ್ಟಾಗಿದ್ದರೂ ಬರಿದಾಗದ ಜಲಾಶಯವನ್ನು ನಾನಂತೂ ಕಂಡಿಲ್ಲ. ಆದ್ದರಿಂದ ನೀರಿನ ಪದಗಳೆಲ್ಲ ಇಲ್ಲಿ ದಾರಿ ತಪ್ಪಿಸುತ್ತವೆ. ಈ ವ್ಯತ್ಯಾಸಕ್ಕೆ ದುಡ್ಡಿನ ಲೆಕ್ಕವೂ ಇದೆ: ಆರು ಗಂಟೆಯ ಆಟಕ್ಕೆ ಊರಿನ ಸಂಪರ್ಕದಲ್ಲಿ ಸುಮಾರು 11 ಗಿಗಾಬೈಟ್ ಸಾಕು, ಸರ್ವರ್‌ನ ಹೊರದಾರಿಯಲ್ಲಿ 32 ದಾಟುತ್ತದೆ.

ಶೀರ್ಷಿಕೆಗಿಂತ ಮುಖ್ಯವಾದ ಒಂದು ವಾಕ್ಯ ಆ ಪತ್ರದಲ್ಲಿರಲಿ. ಮೂರೂ ಕಡೆ ಒಟ್ಟಿಗೆ ಚಿತ್ರ ತಡವರಿಸಿದರೆ ಮೊದಲು ಊರಿನ ಅಪ್‌ಲೋಡನ್ನು, ಆಮೇಲೆ ಸರ್ವರನ್ನು ನೋಡಬೇಕು. ಒಂದೇ ಕಡೆ ನಿಂತರೆ ಆ ತಾಣದ ಸ್ಟ್ರೀಮ್ ಕೀಯನ್ನೋ ಅದರ ದಾರಿಯನ್ನೋ ನೋಡಬೇಕು, ಲ್ಯಾಪ್‌ಟಾಪನ್ನು ಮುಟ್ಟಬಾರದು. ಮುಟ್ಟಿದರೆ ಸರಿಯಾಗಿ ಓಡುತ್ತಿರುವ ಎರಡೂ ನಿಲ್ಲುತ್ತವೆ.

ಸೊರಬದಿಂದ:
ನಮ್ಮ ದೇವಸ್ಥಾನದ ರಥೋತ್ಸವದಲ್ಲಿ ಇಂಥದೇ ಸರ್ವರ್ ಇಟ್ಟಿದ್ದೆವು. ಯೂಟ್ಯೂಬ್‌ನಲ್ಲಿ ಎಲ್ಲವೂ ಬಂತು, ಫೇಸ್‌ಬುಕ್‌ನಲ್ಲಿ ಕೊನೆಯವರೆಗೂ ಏನೂ ಬರಲಿಲ್ಲ. ಇದನ್ನು ‘ಬಹುಪ್ರಸಾರ’ ಎನ್ನೋಣವೆಂದುಕೊಂಡಿದ್ದೆ, ಆದರೆ ಹಾಗೆನ್ನುವುದಾದರೂ ಹೇಗೆ?

ಶಿವಮೊಗ್ಗದಿಂದ:
ಅದು ಪದದ ದೋಷವಲ್ಲ. ಫೇಸ್‌ಬುಕ್ ಸ್ವೀಕರಿಸುವುದು ಗೂಢಲಿಪೀಕರಿಸಿದ RTMPS ಫೀಡನ್ನು ಮಾತ್ರ. Nginx-rtmp ಮಾಡ್ಯೂಲ್‌ನ push ಆಜ್ಞೆ ಗೂಢಲಿಪೀಕರಿಸದ ಬರೀ RTMP ಕಳಿಸುತ್ತದೆ. ನಡುವೆ ಅದೇ ಸರ್ವರ್‌ನಲ್ಲಿ stunnel ಎಂಬ ತಂತ್ರಾಂಶ ಇಟ್ಟು, ಫೇಸ್‌ಬುಕ್‌ನ ಸಾಲನ್ನು ಅದಕ್ಕೆ ತಿರುಗಿಸಬೇಕು:

```
push rtmp://a.rtmp.youtube.com/live2/KEY1;
push rtmp://a.rtmp.youtube.com/live2/KEY2;
push rtmp://127.0.0.1:19350/rtmp/KEY3;
```

ಮೂರನೆಯ ಸಾಲಿನ 19350ರಲ್ಲಿ stunnel ಕಾದಿದ್ದು, ಬಂದದ್ದನ್ನು live-api-s.facebook.com ವಿಳಾಸದ 443ನೇ ಪೋರ್ಟ್‌ಗೆ ಗೂಢಲಿಪೀಕರಿಸಿ ಕಳಿಸುತ್ತದೆ. ನಿಮ್ಮಲ್ಲಿ ಇದಿತ್ತೇ ಎಂದು ಮೊದಲು ನೋಡಿ.

ಸಾಗರದಿಂದ:
ಪೋರ್ಟ್, ಮಾಡ್ಯೂಲ್, ಸರ್ವರ್! ಕನ್ನಡ ಪದ ಕೇಳಿದವರಿಗೆ ಇದೇ ಉತ್ತರವೇ? ‘ರಿಲೇ’ಗೆ ‘ದಾಟಿಸುಗ’ ಎಂಬ ಪದ ಕೈಯಳತೆಯಲ್ಲೇ ಇದೆ.

ಶಿವಮೊಗ್ಗದಿಂದ:
ರಾತ್ರಿ ಎರಡು ಗಂಟೆಗೆ ಫೀಡ್ ನಿಂತಾಗ ‘ದಾಟಿಸುಗನನ್ನು ನೋಡು’ ಎಂದರೆ ಹುಡುಗರು ಯಾರನ್ನೋ ಹುಡುಕಿಕೊಂಡು ಹೋಗುತ್ತಾರೆ. ರಿಲೇ ಎನ್ನುವುದನ್ನು ರೇಡಿಯೋ ಕೇಳಿದವರೆಲ್ಲ ಬಲ್ಲರು.

ಹೊಸನಗರದಿಂದ:
ಪೂರ್ಣ ಪ್ರತಿ ಹೋಗುತ್ತದೆಂಬುದನ್ನು ಒಪ್ಪಿದೆ. ಆದರೆ ಮರದ ಕವಲಿನಲ್ಲಿ ಯಾವುದೂ ಕಡಿಮೆಯಾಗುವುದಿಲ್ಲವಲ್ಲ? ನನ್ನ ಪದವನ್ನು ನಾನು ಬಿಡುವುದಿಲ್ಲ.

ತೀರ್ಥಹಳ್ಳಿಯಿಂದ:
ಎಲ್ಲರಿಗೂ ವಂದನೆಗಳು. ಶೀರ್ಷಿಕೆಗೆ ‘ಬಹುತಾಣ ನೇರಪ್ರಸಾರ’ ಎಂದು ಬರೆದು, ಯಂತ್ರವನ್ನು ‘ರಿಲೇ ಸರ್ವರ್’ ಎಂದೇ ಉಳಿಸಿಕೊಂಡಿದ್ದೇನೆ. ಶಿವಮೊಗ್ಗದವರು ಹೇಳಿದ ವಾಕ್ಯವನ್ನು ದಪ್ಪ ಅಕ್ಷರದಲ್ಲಿ ಹಾಕಿಸುತ್ತೇನೆ. ‘ಸ್ಟ್ರೀಮ್ ಕೀ’ ಎಂಬುದಕ್ಕೆ ಸದ್ಯ ‘ಕೀಲಿ’ ಎಂದಿದ್ದೇನೆ. ‘ಗುಪ್ತಪದ’ ಎಂದರೆ ಯಾರೂ ಅದರ ಚಿತ್ರ ತೆಗೆದು ವಾಟ್ಸ್‌ಆ್ಯಪ್‌ಗೆ ಹಾಕಲಾರರೇನೋ ಎಂದು ಅನಿಸುತ್ತಿದೆ.

ಸಾಗರದಿಂದ:
‘ಕೀಲಿ’ ಸಾಕು. ‘ಬಹುತಾಣ’ಕ್ಕೆ ನನ್ನ ಒಪ್ಪಿಗೆಯಿಲ್ಲ.