ಅಪ್‌ಡೇಟ್: ಹುದ್ದೆ ತೆರೆದಿತ್ತು, ಸೂಚನೆ ಬರಲಿಲ್ಲ

ನನ್ನ ಪ್ರಶ್ನೆ: ಇಷ್ಟವಾದ ಕಂಪನಿಗಳಲ್ಲಿ ಈಗ ಹುದ್ದೆ ಖಾಲಿಯಿಲ್ಲ. ಅವುಗಳ ಉದ್ಯೋಗ ಪುಟಗಳ ಮೇಲೆ ಕಣ್ಣಿಡುವುದು ಹೇಗೆ?

ನೀವು ಹೇಳಿದಂತೆ 30 ಕಂಪನಿಗಳ ಪಟ್ಟಿಯನ್ನು 12ಕ್ಕೆ ಇಳಿಸಿದೆ. ನನ್ನ ಕೆಲಸವನ್ನೇ ಮಾಡುವ ತಂಡ ಇಲ್ಲದವುಗಳನ್ನು ಕೈಬಿಟ್ಟೆ. ಪುಟ ಬದಲಾದರೆ ಇಮೇಲ್ ಕಳುಹಿಸುವ ಸೇವೆಯನ್ನೂ ಹಾಕಿದೆ. ಆದರೂ ಒಂದು ಹುದ್ದೆ ಕೈತಪ್ಪಿತು. ತುಂಬಾ ಬೇಸರವಾಯಿತು.

ಕಾರಣ ಆಮೇಲೆ ತಿಳಿಯಿತು. ಆ ಪುಟ ಬರಿಯ ಚೌಕಟ್ಟು. ಹುದ್ದೆಗಳ ಪಟ್ಟಿ ಬೇರೆ ತಾಣದಿಂದ ತಡವಾಗಿ ಬಂದು ಕೂರುತ್ತದೆ. ಸೇವೆ ನೋಡುತ್ತಿದ್ದದ್ದು ಖಾಲಿ ಚೌಕಟ್ಟನ್ನು. ಹುದ್ದೆಯ ಹೆಸರನ್ನು ಒತ್ತಿದಾಗ ವಿಳಾಸ jobs.lever.co ಎಂದು ಬದಲಾಯಿತು. ಹಲವು ಕಂಪನಿಗಳ ಹುದ್ದೆಗಳ ಪಟ್ಟಿ ಇಡುವ ತಾಣ ಅದು. ವಿಳಾಸದ ಆರಂಭದಿಂದ ಕಂಪನಿಯ ಹೆಸರಿನವರೆಗಿನ ಭಾಗವನ್ನಷ್ಟೇ ಉಳಿಸಿಕೊಂಡು, ಆ ವಿಳಾಸವನ್ನೇ ಗಮನಕ್ಕೆ ಹಾಕಿದೆ. ಮೊನ್ನೆ ಹೊಸ ಹುದ್ದೆ ಬಂದ ದಿನವೇ ಇಮೇಲ್ ಬಂತು. ಅಂದೇ ಅರ್ಜಿ ಹಾಕಿದೆ. ಸ್ವಂತ ತಾಣದಲ್ಲೇ ಪಟ್ಟಿ ಇಡುವ ಮೂರು ಕಂಪನಿಗಳನ್ನು ಈಗಲೂ ಪ್ರತಿ ಸೋಮವಾರ ನಾನೇ ತೆರೆದು ನೋಡುತ್ತೇನೆ.