ಪದಚರ್ಚೆ: ‘ಡೀಮ್ಡ್ ರೆಸಿಗ್ನೇಷನ್’ಗೆ ಕನ್ನಡದಲ್ಲಿ ಏನಂತ ಬರೆಯೋದು? (ಸ್ವಲ್ಪ ಅರ್ಜೆಂಟ್)

ರೇಣುಕಾ, ಬಳ್ಳಾರಿ

ಎಲ್ಲರಿಗೂ ನಮಸ್ಕಾರ. ಇಲ್ಲಿನ ಒಂದು ಕಾರ್ಖಾನೆಯವರು ಒಂದು ಕಾಗದ ಕಳಿಸಿದ್ದಾರೆ, ನಾಳೆ ಬೆಳಗ್ಗೆ ಕನ್ನಡ ಮಾಡಿ ಕೊಡಬೇಕು. ಸಿಂಧನೂರು ಕಡೆಯ ಒಬ್ಬ ಕ್ರೇನ್ ಆಪರೇಟರ್ ಹತ್ತು ದಿನ ರಜೆ ಹಾಕಿ ಹೋದವರು ವಾಪಸ್ ಬಂದಿಲ್ಲ. ರಜೆ 5ನೇ ತಾರೀಖಿಗೆ ಮುಗಿದಿದೆ. ‘ಎಂಟು ದಿನದೊಳಗೆ ಬಾರದ ಕಾರಣ ಅಬ್ಯಾಂಡನ್‌ಮೆಂಟ್ ಆಫ್ ಸರ್ವೀಸ್ ಆಗಿದೆ, ಡೀಮ್ಡ್ ರೆಸಿಗ್ನೇಷನ್ ಎಂದು ತೆಗೆದುಕೊಂಡು ಹೆಸರು ಕಡಿಮೆ ಮಾಡಿದ್ದೇವೆ’ ಅಂತ ಒಕ್ಕಣೆ. ‘ಸೇವಾ ಪರಿತ್ಯಾಗ’, ‘ಪರಿಗಣಿತ ರಾಜೀನಾಮೆ’ ಅಂತ ಬರೆದು ನೋಡಿದೆ. ಓದಿದರೆ ನನಗೇ ನಗು ಬರುತ್ತೆ. ಬೇರೆ ಏನಾದರೂ ಇದೆಯಾ?

ವಿರೂಪಾಕ್ಷಪ್ಪ, ಗಂಗಾವತಿ

‘ಪರಿತ್ಯಾಗ’ ಸನ್ಯಾಸಿಗಳಿಗೆ ಇರಲಿ. ‘ರಾಜೀನಾಮೆ’ ಪಾರಸಿ. ‘ತೊರೆಕೆ’ ಅನ್ನಿ, ‘ತೊರೆದಂತೆಣಿಕೆ’ ಅನ್ನಿ. ಎಣಿಸು ನಮ್ಮದೇ ಪದ, ಭಾವಿಸು ಅಲ್ಲ. ಮುಗೀತು.

ಬಸವರಾಜ, ಕೊಪ್ಪಳ

ಪದ ಬಿಡಿ ಮೇಡಂ, ವಿಷಯ ಸರಳ ಇದೆ. ಐದು ವರ್ಷ ಹೇಳದೆ ಕೇಳದೆ ಗೈರಾದರೆ ರಾಜೀನಾಮೆ ಕೊಟ್ಟ ಹಾಗೇ, ತನ್ನಿಂತಾನೇ. ನಮ್ಮ ಭಾವ ಕೇಂದ್ರ ಸರ್ಕಾರದ ನೌಕರಿಯಲ್ಲಿದ್ದರು, ಮಗನ ಹತ್ತಿರ ಮಸ್ಕತ್‌ಗೆ ಹೋಗಿ ಕೂತುಬಿಟ್ಟರು. ಈಗ ಪೆನ್ಷನ್ ಬರಲ್ಲ ಅಂತಿದ್ದಾರೆ. ಅವರದ್ದು ಏನು ಮಾಡಬಹುದು, ಯಾರಾದರೂ ಹೇಳ್ತೀರಾ?

ಖಾದರ್, ರಾಯಚೂರು

ಬಸವರಾಜ ಅವರೇ, ಅರ್ಧ ಸರಿ. ನೀವು ಹೇಳಿದ್ದು ಕೇಂದ್ರದ 1972ರ ರಜಾ ನಿಯಮಗಳ 12ನೇ ನಿಯಮ. ರಜೆ ಇರಲಿ ಇಲ್ಲದಿರಲಿ, ಸತತ ಐದು ವರ್ಷ ಮೀರಿ ಗೈರಾದರೆ ರಾಜೀನಾಮೆ ಎಂದು ಭಾವಿಸಬಹುದು. ಆದರೆ ತನ್ನಿಂತಾನೇ ಅಲ್ಲ. ಮೊದಲು ಕಾರಣ ಹೇಳಲು ಅವಕಾಶ ಕೊಡಬೇಕು ಅಂತ ಅದೇ ನಿಯಮದಲ್ಲಿದೆ. ಭಾವನವರಿಗೆ ನೋಟಿಸ್ ಬಂದಿತ್ತಾ, ಯಾವ ವಿಳಾಸಕ್ಕೆ ಬಂದಿತ್ತು, ಅದನ್ನು ಮೊದಲು ಹುಡುಕಿ. ರಾಜೀನಾಮೆ ಅಂತಾದರೆ ಹಿಂದಿನ ಸೇವೆ ಪೆನ್ಷನ್‌ಗೆ ಲೆಕ್ಕಕ್ಕೆ ಬರಲ್ಲ, ಅದಕ್ಕೇ ಅಲ್ಲಿ ಆ ಒಂದು ಪದ ಅಷ್ಟು ದುಬಾರಿ.

ರೇಣುಕಾ ಅವರದ್ದು ಕಾರ್ಖಾನೆ, ಆ ನಿಯಮ ಇಲ್ಲಿಗೆ ಬರಲ್ಲ. ಎಂಟು ದಿನದ ಮಾತು ಮಾದರಿ ಸ್ಥಾಯಿ ಆದೇಶದ್ದು, ಅಂದರೆ ಕಾರ್ಖಾನೆ ಕೆಲಸದ ಷರತ್ತುಗಳಿಗೆ ಸರ್ಕಾರ ಕೊಟ್ಟ ಮಾದರಿಯದ್ದು. ರಜೆ ಮುಗಿದ ಎಂಟು ದಿನದೊಳಗೆ ಬಂದು, ತಡವಾಗಿದ್ದಕ್ಕೆ ಒಪ್ಪುವಂಥ ಕಾರಣ ಕೊಡದಿದ್ದರೆ ಹುದ್ದೆಯ ಮೇಲಿನ ಲೀನ್, ಅಂದರೆ ಆ ಹುದ್ದೆಗೆ ಮರಳುವ ಹಕ್ಕು, ಹೋಗುತ್ತೆ ಅಂತಷ್ಟೇ ಅಲ್ಲಿರೋದು. ರಾಜೀನಾಮೆ ಅನ್ನೋ ಮಾತೇ ಅಲ್ಲಿಲ್ಲ.

ಇನ್ನೊಂದು. 1980ರ ಡಿಸೆಂಬರ್ 3ರಿಂದ ಕೆಲಸಕ್ಕೆ ಬಂದಿಲ್ಲ ಅಂತ ಡಿ.ಕೆ. ಯಾದವ್ ಎಂಬ ಕಾರ್ಮಿಕರಿಗೆ 12ಕ್ಕೆ ಕಾಗದ ಹೋಯಿತು: ಎಂಟು ದಿನ ಮೀರಿದೆ, ಕೆಲಸ ಹೋಯಿತು. ಅವರು ಹೇಳಿದ್ದು, ನಾನು ಬಂದೆ, ಗೇಟಿನಲ್ಲೇ ತಡೆದರು ಅಂತ. 1993ರಲ್ಲಿ ಸುಪ್ರೀಂ ಕೋರ್ಟು, ಸ್ಥಾಯಿ ಆದೇಶ ಏನೇ ಹೇಳಲಿ, ಕೇಳದೆ ಹೊರಗೆ ಹಾಕುವಂತಿಲ್ಲ ಎಂದು ವಾಪಸ್ ತೆಗೆದುಕೊಳ್ಳಲು ಹೇಳಿತು, ಅರ್ಧ ಬಾಕಿ ಸಂಬಳದ ಜೊತೆ. ನಿಮ್ಮ ಕಾಗದ ಹಾಗೇ ಹೋದರೆ ಅದೇ ದಾರಿ ಹಿಡಿಯುತ್ತೆ.

ವಿರೂಪಾಕ್ಷಪ್ಪ, ಗಂಗಾವತಿ

ಕೋರ್ಟಿನ ಕತೆ ಇಲ್ಲಿ ಬೇಡ. ಕೇಳಿದ್ದು ಪದ. ನಿಜಾಮರ ಕಾಲ ಮುಗಿದರೂ ಕಚೇರಿಯವರ ನಾಲಿಗೆ ಇನ್ನೂ ಅಲ್ಲೇ ಇದೆ.

ಖಾದರ್, ರಾಯಚೂರು

ಮೇಷ್ಟ್ರೇ, ಪಾರಸಿ ಅಂದಿರಿ, ಸರಿ, ಅದನ್ನೇ ಬಿಡಿಸೋಣ. ‘ರಾಜಿ’ ಅಂದರೆ ಒಪ್ಪಿಗೆ, ‘ನಾಮೆ’ ಅಂದರೆ ಬರಹ. ಮುಂಬೈ ಸೀಮೆಯ ಕಂದಾಯದಲ್ಲಿ ರೈತ ಜಮೀನು ಬಿಟ್ಟರೆ ರಾಜೀನಾಮೆ ಬರೆದು ಕೊಡುತ್ತಿದ್ದ, ಹೊಸಬ ಕಬೂಲಾಯತಿ ಬರೆದು ಕೊಡುತ್ತಿದ್ದ. ಅಂದರೆ ಒಬ್ಬ ಮನುಷ್ಯ ಒಪ್ಪಿ, ಸಹಿ ಹಾಕಿದ ಕಾಗದ. ಸುಮ್ನೆ ಮನೆಯಲ್ಲಿ ಕೂತವರು ರಾಜೀನಾಮೆ ಕೊಟ್ಟರು ಅನ್ನೋದು ಆ ಪದಕ್ಕೇ ಒಗ್ಗಲ್ಲ. ‘ತೊರೆಕೆ’ಗೂ ಇದೇ ತೊಡಕು. ತೊರೆಯೋಕೆ ಮನಸ್ಸು ಬೇಕು. ಬರಲಿಲ್ಲ ಅನ್ನೋದು ಬೇರೆ, ಬಿಟ್ಟರು ಅನ್ನೋದು ಬೇರೆ. ಕೋರ್ಟು ನೋಡೋದೂ ಅದನ್ನೇ: ಮತ್ತೆ ಬರಬಾರದು ಅನ್ನೋ ಇರಾದೆ ಇತ್ತಾ?

ಲಲಿತಾ, ಹೊಸಪೇಟೆ

ನಾನು ಬ್ಯಾಂಕಿನಲ್ಲಿದ್ದೆ. ಖಾದರ್ ಅವರು ಹೇಳಿದಷ್ಟು ಏಕಪಕ್ಷೀಯ ಅಲ್ಲ ಅದು. ನಮ್ಮ ಒಪ್ಪಂದದಲ್ಲಿ 90 ದಿನ ಗೈರಾದರೆ, ಬನ್ನಿ ಅಂತ 30 ದಿನದ ನೋಟಿಸ್. ಆಮೇಲೂ ಬರಲಿಲ್ಲ, ಉತ್ತರವೂ ಇಲ್ಲ ಅಂದರೆ ಸ್ವಯಂ ನಿವೃತ್ತಿ ಪಡೆದಂತೆ. ಇದನ್ನು ಸುಪ್ರೀಂ ಕೋರ್ಟು 2000ದಲ್ಲಿ ಎತ್ತಿಹಿಡಿದಿದೆ. ರಿಜಿಸ್ಟರ್ ಕಾಗದ ‘ನಿರಾಕರಿಸಿದ್ದಾರೆ’ ಅಂತ ವಾಪಸ್ ಬಂದಿದ್ದರೂ ತಲುಪಿದ ಹಾಗೇ ಅಂದಿದೆ. ಅಲ್ಲಿ ಮೌನಕ್ಕೆ ಬೆಲೆ ಕಟ್ಟಿದ್ದಾರೆ, ಅಲ್ವಾ?

ಖಾದರ್, ರಾಯಚೂರು

ಹೌದು ಮೇಡಂ, ಅಲ್ಲಿ ಮೊದಲು ಕೇಳಿದ್ದಾರೆ, ಆಮೇಲಷ್ಟೇ ಮೌನಕ್ಕೆ ಅರ್ಥ ಹಚ್ಚಿದ್ದಾರೆ. ರೇಣುಕಾ ಅವರೇ, ಆ ಫೈಲಿನಲ್ಲಿ ಬೇರೆ ಏನಿದೆ? ಪಿಎಫ್ ತೆಗೆದಿದ್ದಾರಾ? ಬೇರೆ ಕಡೆ ಸೇರಿದ ಸುಳಿವಿದೆಯಾ? ನೋಟಿಸ್ ಯಾವ ವಿಳಾಸಕ್ಕೆ ಹೋಗಿದೆ?

ರೇಣುಕಾ, ಬಳ್ಳಾರಿ

ಪಿಎಫ್ ವಿಷಯ ಇಲ್ಲ. ನೋಟಿಸ್ ಇಲ್ಲಿನ ಬಾಡಿಗೆ ಮನೆಗೆ ಹೋಗಿ ‘ಮನೆ ಬೀಗ’ ಅಂತ ವಾಪಸ್ ಬಂದಿದೆ. ಲಕೋಟೆಯೂ ಫೈಲಿನಲ್ಲೇ ಇದೆ, ಒಡೆದಿಲ್ಲ. ಊರಿನ ವಿಳಾಸ ಸೇರುವಾಗ ತುಂಬಿದ ಫಾರಂನಲ್ಲಿದೆ, ಅದಕ್ಕೆ ಕಳಿಸಿಲ್ಲ. ಮತ್ತೆ ಒಂದು ಪ್ರಿಂಟೌಟ್: 7ನೇ ತಾರೀಖು ಶಿಫ್ಟ್ ಇನ್‌ಚಾರ್ಜ್‌ಗೆ ವಾಟ್ಸಾಪ್‌ನಲ್ಲಿ ಡಾಕ್ಟರ ಚೀಟಿಯ ಫೋಟೋ, ಕೆಳಗೆ ‘ಅವ್ವನ್ನ ಅಡ್ಮಿಟ್ ಮಾಡೀವಿ ಸರ್’.

ಖಾದರ್, ರಾಯಚೂರು

ಹಾಗಾದರೆ ಮೌನವೇ ಇಲ್ಲ! ಎಂಟು ದಿನದ ಒಳಗೇ ಕಾರಣ ಹೇಳಿದ್ದಾರೆ. ಸಾಕಾ, ಸಾಲದಾ ಅನ್ನೋದು ವಿಚಾರಣೆಯ ಮಾತು, ಮಾಲೀಕರು ಒಪ್ಪಲೇಬೇಕು ಅಂತಿಲ್ಲ. ಆದರೆ ಬಿಟ್ಟು ಹೋದರು ಅನ್ನೋಕೆ ಆಗಲ್ಲ.

ಅನುವಾದಕರು ಮೂಲ ತಿದ್ದುವ ಹಾಗಿಲ್ಲ, ಗೊತ್ತು. ಆದರೂ ಕಂಪನಿಯವರಿಗೆ ಒಂದು ಮಾತು ಹೇಳಿ, ತೀರ್ಪಿನ ಕಾಗದ ಬಿಟ್ಟು ನೋಟಿಸ್ ಕಳಿಸಲಿ, ಎರಡೂ ವಿಳಾಸಕ್ಕೆ. ಒಕ್ಕಣೆ ಹೀಗಿರಬಹುದು:

‘ನಿಮ್ಮ ರಜೆ 5ನೇ ತಾರೀಖಿಗೆ ಮುಗಿದಿದೆ. ಅಲ್ಲಿಂದ ನೀವು ಅನುಮತಿ ಇಲ್ಲದೆ ಗೈರುಹಾಜರಾಗಿದ್ದೀರಿ. ಈ ಪತ್ರ ತಲುಪಿದ 15 ದಿನದೊಳಗೆ ಕೆಲಸಕ್ಕೆ ಬಂದು, ಗೈರುಹಾಜರಿಗೆ ಕಾರಣವನ್ನು ದಾಖಲೆ ಸಮೇತ ಬರೆದು ಕೊಡಿ. ಬಾರದೆ, ಉತ್ತರವನ್ನೂ ಕೊಡದಿದ್ದರೆ ಕೆಲಸ ಮುಂದುವರಿಸುವ ಇಚ್ಛೆ ನಿಮಗಿಲ್ಲ ಎಂದು ಭಾವಿಸಿ ಮುಂದಿನ ವಿಚಾರಣೆ ನಡೆಸಲಾಗುವುದು.’

ಅಬ್ಯಾಂಡನ್‌ಮೆಂಟ್‌ಗೆ ‘ಕೆಲಸ ಬಿಟ್ಟು ಹೋಗುವುದು’ ಸಾಕು. ಡೀಮ್ಡ್‌ಗೆ ‘ಎಂದು ಭಾವಿಸತಕ್ಕದ್ದು’ ನಮ್ಮ ಕಾಯ್ದೆಗಳಲ್ಲಿ ಮೊದಲಿಂದ ಇದೆ.

ವಿರೂಪಾಕ್ಷಪ್ಪ, ಗಂಗಾವತಿ

‘ಗೈರುಹಾಜರಿ’ ಹಾಗೇ ಉಳಿಸಿದಿರಲ್ಲ. ಎರಡೂ ತುಂಡು ಅರಬ್ಬಿ. ‘ಬಾರದಿರುವಿಕೆ’ ಅನ್ನಬಾರದೆ?

ಲಲಿತಾ, ಹೊಸಪೇಟೆ

ಸರ್, ಅದನ್ನು ಓದಬೇಕಾದವರು ಕ್ರೇನ್ ಆಪರೇಟರ್. ಅವರಿಗೆ ಗೈರುಹಾಜರಿ ಗೊತ್ತು, ಪಗಾರ ಕಟ್ ಆಗುವಾಗೆಲ್ಲ ಕೇಳಿರುತ್ತಾರೆ. ಪೇಪರ್‌ನವರು ಡೀಮ್ಡ್ ಕಾಡಿಗೆ ‘ಪರಿಭಾವಿತ ಅರಣ್ಯ’ ಅಂತ ಮಾಡಿದ್ದಾರೆ, ಎಷ್ಟು ಜನಕ್ಕೆ ಅರ್ಥ ಆಯಿತು ಹೇಳಿ?

ವಿರೂಪಾಕ್ಷಪ್ಪ, ಗಂಗಾವತಿ

ಅದೂ ಸಂಸ್ಕೃತ. ನನ್ನ ಪಕ್ಷಕ್ಕೇ ಸಾಕ್ಷಿ ಕೊಟ್ಟಿರಿ.

ರೇಣುಕಾ, ಬಳ್ಳಾರಿ

ಫೋನ್ ಮಾಡಿದ್ದೆ. ಊರಿನ ವಿಳಾಸಕ್ಕೆ ನೋಟಿಸ್ ಕಳಿಸಲು ಒಪ್ಪಿದ್ದಾರೆ. ಆದರೆ ‘ರಾಜೀನಾಮೆ’ ಅನ್ನೋ ಪದ ಎಲ್ಲಾದರೂ ಇರಲೇಬೇಕಂತೆ, ಅವರ ಮೇಲಿನವರು ಕೇಳುತ್ತಾರಂತೆ. ಇಲ್ಲ, ಮೂಲದಲ್ಲಿ ತೆಗೆದರೆ ಕನ್ನಡದಲ್ಲೂ ಇರಲ್ಲ ಅಂದಿದ್ದೇನೆ. ಇನ್ನೂ ಉತ್ತರ ಬಂದಿಲ್ಲ. ಲೀನ್‌ಗೆ ಯಾರಿಗಾದರೂ ಪದ ಗೊತ್ತಾ?

ಬಸವರಾಜ, ಕೊಪ್ಪಳ

ನೋಟಿಸ್ ಸಿಕ್ಕಿತು ಖಾದರ್ ಸಾಹೇಬ್ರೆ. ಹಳೇ ಕ್ವಾರ್ಟರ್ಸ್ ವಿಳಾಸಕ್ಕೆ ಹೋಗಿದೆ, ಅದನ್ನು ಬಿಟ್ಟ ಮೇಲೆ. ಇದು ತಲುಪಿದ ಲೆಕ್ಕವಾ?