ಸಹಾಯ ಬೇಕು: ಬೆಳೆಸಾಲದ ಗಡುವು ಮುಂದೂಡಿಸುವುದು ಹೇಗೆ?

ನಾನಿರೋದು ಪುಣೆಯ ಹಡಪ್ಸರದಲ್ಲಿ. ಅಪ್ಪ ಇಂಡಿ ತಾಲೂಕಿನಲ್ಲಿ ಒಕ್ಕಲುತನ ಮಾಡುತ್ತಾರೆ. ತೊಗರಿ ಹೂ ಬಿಡುವ ಹೊತ್ತಿಗೆ ಮಳೆ ಕೈಕೊಟ್ಟು ಹೂವೆಲ್ಲ ಉದುರಿತು, ಉಳಿದ ಕಾಯಿ ಬಿಡಿಸಿದರೆ ಒಳಗೆ ಬರೀ ಜೊಳ್ಳು. 2 ಲಕ್ಷ ಬೆಳೆಸಾಲದ ಗಡುವು ಮುಂದಿನ ತಿಂಗಳು.

ಬ್ಯಾಂಕಿನವರು ಅಸಲು, ಬಡ್ಡಿ ಪೂರ್ತಿ ಕಟ್ಟಿ, ಮತ್ತೆ ಹೊಸ ಸಾಲ ಕೊಡ್ತೀವಿ ಅಂತಾರೆ. ಕಟ್ಟೋಕೆ ಕೈಗಡ ತರಬೇಕು, ಅದರ ಬಡ್ಡಿ ಇನ್ನೂ ಜಾಸ್ತಿ ಅಲ್ವಾ? ಬೆಳೆ ನಷ್ಟ ಶೇ. 33 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಬೆಳೆಸಾಲವನ್ನು ಕಂತಿನ ಅವಧಿ ಸಾಲವಾಗಿ ಬದಲಿಸಬಹುದು ಅಂತ ಓದಿದ್ದೆ. ಹಾಗೇ ಮಾಡಿಕೊಡಿ ಅಂತ ಪಹಣಿ, ಹೊಲದ ಫೋಟೋ ಇಟ್ಟು ಅಪ್ಪ ಅರ್ಜಿ ಕೊಟ್ಟರು. ತಾಲೂಕು ಬರಪಟ್ಟಿಯಲ್ಲಿದೆ, ಆದರೂ ನಿಮ್ಮ ಹೊಲದ ನಷ್ಟಕ್ಕೆ ದಾಖಲೆ ತನ್ನಿ ಅಂತಿದ್ದಾರೆ.

ಬರ ಘೋಷಣೆಯ ಆದೇಶವೊಂದೇ ಸಾಲದಾ, ಇಲ್ಲ ಗ್ರಾಮ ಆಡಳಿತಾಧಿಕಾರಿಯಿಂದಲೂ ನಷ್ಟದ ಪತ್ರ ಬೇಕಾ?